ಹತ್ತನೇ ತರಗತಿಯ ಆಯ್ಕೆ ಮತ್ತು ಹದಿಹರೆಯದ ಅಸ್ಮಿತೆ: ಶಾಲಾ ಮಾರ್ಗದರ್ಶನ ಏನನ್ನು ಗಮನಿಸಬೇಕು

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವಿದ್ಯಾರ್ಥಿಗಳು ಕೆಲವೇ ವಾರಗಳಲ್ಲಿ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಲ್ಲಿ ಒಂದನ್ನೋ, ಡಿಪ್ಲೊಮಾ ಅಥವಾ ಐಟಿಐಯನ್ನೋ ಆರಿಸಿಕೊಳ್ಳಬೇಕಾಗುತ್ತದೆ. ಆಗ ಅವರಿಗೆ 15 ಅಥವಾ 16 ವರ್ಷ. ಈ ಆಯ್ಕೆಯ ಬಾಗಿಲುಗಳು ಎರಡೂ ಕಡೆಗೆ ಒಂದೇ ರೀತಿಯಲ್ಲಿ ತೆರೆಯುವುದಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಮುಂದೆ ಬಿ.ಎ.ಗೋ ಬಿ.ಕಾಂ.ಗೋ ಹೋಗಬಹುದು, ಆದರೆ ವಾಣಿಜ್ಯ ಓದಿದವರಿಗೆ ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ವಿಜ್ಞಾನದ ಪದವಿಗಳ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಹೀಗಾಗಿ ಶಾಲೆಗಳಲ್ಲಿ ಮಾರ್ಗದರ್ಶನವೆಂದರೆ ಅಂಕಗಳನ್ನು ನೋಡಿ ವಿಭಾಗ ಸೂಚಿಸುವುದು ಎಂಬ ರೂಢಿ ಬೆಳೆದಿದೆ. ವಿದ್ಯಾರ್ಥಿ ಏನನ್ನು ಆರಿಸಿದ್ದಾನೆ ಎಂಬುದನ್ನು ಎಲ್ಲರೂ ಕೇಳುತ್ತಾರೆ, ಆ ಆಯ್ಕೆಗೆ ಅವನು ಹೇಗೆ ಬಂದ ಎಂಬುದನ್ನು ಕೇಳುವವರು ವಿರಳ. ಹದಿಹರೆಯದ ಅಸ್ಮಿತೆಯ ಕುರಿತು ಮನೋವಿಜ್ಞಾನ ಕಳೆದ ಏಳು ದಶಕಗಳಲ್ಲಿ ಕಂಡುಕೊಂಡದ್ದನ್ನು ಗಂಭೀರವಾಗಿ ತೆಗೆದುಕೊಂಡರೆ, ಆಪ್ತಸಮಾಲೋಚಕರಿಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯವಾಗಬೇಕು.

ಈ ಚಿಂತನೆಯ ಮೂಲದಲ್ಲಿರುವವರು ಎರಿಕ್ ಎರಿಕ್ಸನ್. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಅವರು ವಿಯೆನ್ನಾದಲ್ಲಿ ಅನ್ನಾ ಫ್ರಾಯ್ಡ್ ಅವರ ಬಳಿ ಮನೋವಿಶ್ಲೇಷಣೆ ಕಲಿತು 1933ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆಸ್ಪತ್ರೆಯೊಂದರಲ್ಲಿ ಅವರು ಕಂಡ ಕೆಲವು ಸೈನಿಕರಿಗೆ ತಮ್ಮ ಹೆಸರು, ಊರು, ಮನೆಯವರು ಎಲ್ಲ ಗೊತ್ತಿದ್ದರೂ, ನಿನ್ನೆಯ ತಾನು ಮತ್ತು ಇಂದಿನ ತಾನು ಒಬ್ಬನೇ ಎಂಬ ಅನುಭವ ಕಳೆದುಹೋಗಿತ್ತು. ಈ ಸ್ಥಿತಿಯನ್ನು ವಿವರಿಸಲು ಬಳಕೆಗೆ ಬಂದ ಅಸ್ಮಿತೆಯ ಬಿಕ್ಕಟ್ಟು ಎಂಬ ಪರಿಕಲ್ಪನೆಯನ್ನು ಎರಿಕ್ಸನ್ ಮುಂದೆ ಹದಿಹರೆಯದ ಸಹಜ ಬೆಳವಣಿಗೆಗೂ ಅನ್ವಯಿಸಿದರು. 1950ರಲ್ಲಿ ಅವರು ಮಂಡಿಸಿದ ಎಂಟು ಹಂತಗಳ ಮನೋಸಾಮಾಜಿಕ ವಿಕಾಸದಲ್ಲಿ ಐದನೆಯದು ಅಸ್ಮಿತೆ ಮತ್ತು ಪಾತ್ರ ಗೊಂದಲದ ಹಂತ. ಇದು ಸುಮಾರು 12ರಿಂದ 18 ವರ್ಷದ ಅವಧಿ ಎಂದು ಪಠ್ಯಪುಸ್ತಕಗಳು ಹೇಳುತ್ತವೆ.

ಇಲ್ಲಿ ಬಿಕ್ಕಟ್ಟು ಎಂದರೆ ಅನಾಹುತವಲ್ಲ. ಬೆಳವಣಿಗೆಯ ಒಂದು ಘಟ್ಟದಲ್ಲಿ ದೇಹ, ಬುದ್ಧಿ ಮತ್ತು ಸಮಾಜದ ನಿರೀಕ್ಷೆ ಮೂರೂ ಒಟ್ಟಿಗೆ ಬದಲಾಗಿ, ಹಳೆಯ ಉತ್ತರಗಳು ಸಾಲದೆ ಹೋಗುವ ತಿರುವನ್ನು ಎರಿಕ್ಸನ್ ಹಾಗೆ ಕರೆದರು. ಹತ್ತು ವರ್ಷದ ಮಗುವಿಗೆ ತಾನು ಯಾರು ಎಂಬುದಕ್ಕೆ ಮನೆ, ಶಾಲೆ, ಓಣಿ ಕೊಟ್ಟ ಉತ್ತರವೇ ಸಾಕಾಗಿರುತ್ತದೆ. ಹದಿನೈದರ ಹೊತ್ತಿಗೆ ಅದೇ ಮಗು ಇನ್ನೂ ನಡೆಯದಿರುವುದನ್ನು ಕಲ್ಪಿಸಿಕೊಳ್ಳಬಲ್ಲದು, ತಂದೆತಾಯಿಯ ಮಾತಿನಲ್ಲಿ ಅಸಂಗತಿಯನ್ನು ಗುರುತಿಸಬಲ್ಲದು, ಇತರರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆಂದು ಗಂಟೆಗಟ್ಟಲೆ ಯೋಚಿಸಬಲ್ಲದು. ಬಾಲ್ಯದಲ್ಲಿ ಪಡೆದ ಗುರುತುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಅವುಗಳನ್ನು ಒಟ್ಟುಗೂಡಿಸಿ ಸಮಾಜವೂ ಒಪ್ಪುವಂಥ ಒಂದು ನೆಲೆಯನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬುದೇ ಈ ಹಂತದ ಕೆಲಸ. ಈ ಕೆಲಸಕ್ಕೆ ಬಿಡುವು ಬೇಕು ಎಂದು ಎರಿಕ್ಸನ್ ಒತ್ತಿ ಹೇಳಿದರು. ಅಂತಿಮ ಬದ್ಧತೆಯನ್ನು ಮುಂದೂಡಿ, ಬೇರೆ ಬೇರೆ ಪಾತ್ರಗಳನ್ನು ಪ್ರಯತ್ನಿಸಿ ನೋಡಲು ಸಮಾಜವೇ ಯುವಜನರಿಗೆ ಕೊಡುವ ಕಾಲಾವಕಾಶವದು. ಸ್ವತಃ ಅವರೂ ಶಾಲೆ ಮುಗಿಸಿದ ಮೇಲೆ ಕಲಾವಿದನಾಗುವ ಆಸೆಯಿಂದ ಕೆಲವು ವರ್ಷ ಯೂರೋಪಿನಲ್ಲಿ ಅಲೆದಾಡಿದ್ದರು. ನಮ್ಮ ವ್ಯವಸ್ಥೆಯಾದರೋ ಆ ಬಿಡುವಿನ ನಡುಮಧ್ಯದಲ್ಲಿಯೇ ವಿಭಾಗದ ಆಯ್ಕೆಯನ್ನು ತಂದಿರಿಸುತ್ತದೆ. ಹುಡುಕಾಟಕ್ಕೆ ಮೊದಲೇ ನಿರ್ಧಾರವನ್ನು ಕೇಳುವ ಈ ಏರ್ಪಾಡನ್ನು ಒಂದು ಶಾಲೆ ಬದಲಾಯಿಸಲಾರದು, ಆದರೆ ಅದರೊಳಗೇ ಸ್ವಲ್ಪ ಜಾಗ ಮಾಡಿಕೊಡಬಲ್ಲದು.

ನಾಲ್ಕು ಸ್ಥಿತಿಗಳು

ಎರಿಕ್ಸನ್ ಅವರ ವಿವರಣೆ ಶ್ರೀಮಂತವಾಗಿದ್ದರೂ, ಎದುರಿಗೆ ಕುಳಿತ ಒಬ್ಬ ವಿದ್ಯಾರ್ಥಿ ಈ ದಾರಿಯಲ್ಲಿ ಎಲ್ಲಿದ್ದಾನೆಂದು ತಿಳಿಯುವ ವಿಧಾನವನ್ನು ಅದು ಕೊಡುವುದಿಲ್ಲ. ಆ ಕೆಲಸವನ್ನು 1966ರಲ್ಲಿ ಜೇಮ್ಸ್ ಮಾರ್ಸಿಯಾ ಮಾಡಿದರು. ಕಾಲೇಜು ವಿದ್ಯಾರ್ಥಿಗಳೊಂದಿಗೆ ವೃತ್ತಿ, ಧರ್ಮ ಮತ್ತು ರಾಜಕೀಯದ ಬಗ್ಗೆ ಸಂದರ್ಶನ ನಡೆಸಿದ ಅವರು ಎರಡೇ ಸಂಗತಿಗಳನ್ನು ಗಮನಿಸಿದರು. ಮೊದಲನೆಯದು, ಈ ವ್ಯಕ್ತಿ ಬೇರೆ ಬೇರೆ ಸಾಧ್ಯತೆಗಳನ್ನು ನಿಜವಾಗಿ ತೂಗಿ ನೋಡಿದ್ದಾನೆಯೇ ಎಂಬುದು. ಎರಡನೆಯದು, ಯಾವುದಾದರೂ ಒಂದಕ್ಕೆ ಬದ್ಧನಾಗಿದ್ದಾನೆಯೇ ಎಂಬುದು. ಈ ಎರಡು ಪ್ರಶ್ನೆಗಳ ಉತ್ತರಗಳಿಂದ ನಾಲ್ಕು ಸ್ಥಿತಿಗಳು ಮೂಡುತ್ತವೆ. ಹುಡುಕಾಟವೂ ಇಲ್ಲ, ಬದ್ಧತೆಯೂ ಇಲ್ಲವೆಂದಾದರೆ ಅದು ಚದುರಿದ ಸ್ಥಿತಿ. ಹುಡುಕದೆಯೇ ಬದ್ಧನಾಗಿದ್ದರೆ, ಎಂದರೆ ಹಿರಿಯರು ತೋರಿಸಿದ್ದನ್ನು ಹಾಗೆಯೇ ತನ್ನದಾಗಿಸಿಕೊಂಡಿದ್ದರೆ, ಅದನ್ನು ಪೂರ್ವನಿರ್ಧಾರಿತ ಸ್ಥಿತಿ ಎನ್ನಬಹುದು. ಬದ್ಧತೆ ಇನ್ನೂ ಮೂಡಿಲ್ಲ, ಆದರೆ ಹುಡುಕಾಟ ತೀವ್ರವಾಗಿ ನಡೆದಿದೆ ಎಂದರೆ ಅದು ಹುಡುಕಾಟದ ಸ್ಥಿತಿ. ಹುಡುಕಿದ ಮೇಲೆ ಒಂದು ನಿರ್ಧಾರಕ್ಕೆ ಬಂದಿರುವುದು ನೆಲೆಗೊಂಡ ಸ್ಥಿತಿ.

ಶಾಲೆಯ ಮಟ್ಟಿಗೆ ಈ ವಿಂಗಡಣೆಯ ಪ್ರಯೋಜನ ಇರುವುದು ಇಲ್ಲಿ. ಹೊರಗಿನಿಂದ ಒಂದೇ ರೀತಿ ಕಾಣುವ ಇಬ್ಬರು ವಿದ್ಯಾರ್ಥಿಗಳು ಒಳಗೆ ಪೂರ್ತಿ ಬೇರೆ ಸ್ಥಿತಿಗಳಲ್ಲಿರಬಹುದು. ಮುಂದೇನು ಎಂದು ಕೇಳಿದಾಗ ಗೊತ್ತಿಲ್ಲ ಎನ್ನುವ ಇಬ್ಬರು ಹುಡುಗರಲ್ಲಿ ಒಬ್ಬ ಆ ಪ್ರಶ್ನೆಯನ್ನೇ ತನಗೆ ಕೇಳಿಕೊಂಡಿರುವುದಿಲ್ಲ, ಇನ್ನೊಬ್ಬ ಮೂರು ತಿಂಗಳಿನಿಂದ ಅದೇ ಚಿಂತೆಯಲ್ಲಿ ಕಾಲೇಜು ಓದುವ ಅಣ್ಣಂದಿರನ್ನು ವಿಚಾರಿಸುತ್ತಿರುತ್ತಾನೆ. ಮೊದಲನೆಯವನಿಗೆ ಬೇಕಾದದ್ದು ಯಾವುದಾದರೂ ಒಂದರಲ್ಲಿ ಆಸಕ್ತಿ ಹುಟ್ಟಿಸುವ ಅನುಭವ ಮತ್ತು ಬಿಡದೆ ಜೊತೆಗಿರುವ ಒಬ್ಬ ಹಿರಿಯರು. ಎರಡನೆಯವನಿಗೆ ಮಾಹಿತಿ, ಸಮಯ ಮತ್ತು ಅವಸರ ಬೇಡವೆಂಬ ಭರವಸೆ ಸಾಕು. ಇಬ್ಬರಿಗೂ ಒಂದೇ ವೃತ್ತಿ ಮಾರ್ಗದರ್ಶನ ಶಿಬಿರದ ಒಂದೇ ಭಾಷಣ ಕೇಳಿಸಿದರೆ, ಮೊದಲನೆಯವನು ಮರೆಯುತ್ತಾನೆ, ಎರಡನೆಯವನ ಆತಂಕ ಹೆಚ್ಚುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಖಚಿತ ಉತ್ತರ ಕೊಡುವವರ ವಿಚಾರ. ಡಾಕ್ಟರಾಗುತ್ತೇನೆ ಎಂದು ಎಂಟನೇ ತರಗತಿಯಿಂದಲೂ ಹೇಳುತ್ತ ಬಂದಿರುವ ವಿದ್ಯಾರ್ಥಿ ಶಿಕ್ಷಕರ ದೃಷ್ಟಿಯಲ್ಲಿ ಯಾವ ತೊಂದರೆಯೂ ಇಲ್ಲದ ಮಗು, ಆದ್ದರಿಂದ ಆಪ್ತಸಮಾಲೋಚಕರ ಕೋಣೆಗೆ ಅವಳನ್ನು ಯಾರೂ ಕಳುಹಿಸುವುದಿಲ್ಲ. ಆ ಖಚಿತತೆ ಹುಡುಕಾಟದಿಂದ ಬಂದದ್ದೋ ಮನೆಯಿಂದ ಬಂದದ್ದೋ ಎಂದು ತಿಳಿಯಲು ಮಾರ್ಸಿಯಾ ಅವರ ಸಂದರ್ಶನದಲ್ಲಿ ಒಂದು ಸರಳ ಪ್ರಶ್ನೆಯಿದೆ: ಇದಕ್ಕಿಂತ ಉತ್ತಮವಾದದ್ದು ಕಂಡರೆ ಇದನ್ನು ಬಿಡಲು ಎಷ್ಟರ ಮಟ್ಟಿಗೆ ಸಿದ್ಧವಿದ್ದೀರಿ? ನೆಲೆಗೊಂಡವರು ಸ್ವಲ್ಪ ಯೋಚಿಸಿ, ಬಿಡುವುದು ಕಷ್ಟ, ಆದರೆ ಇಂಥ ಕಾರಣವಿದ್ದರೆ ಬಿಟ್ಟೇನು ಎಂಬಂತೆ ಉತ್ತರಿಸುತ್ತಾರೆ. ಪೂರ್ವನಿರ್ಧಾರಿತ ಸ್ಥಿತಿಯವರಿಗೆ ಪ್ರಶ್ನೆಯೇ ಅಸಂಗತವೆನಿಸುತ್ತದೆ, ಬಿಡುವ ಮಾತೇ ಇಲ್ಲ ಎನ್ನುತ್ತಾರೆ. ಚದುರಿದ ಸ್ಥಿತಿಯವರು ಸುಲಭವಾಗಿ ಬಿಡುತ್ತೇನೆ ಎನ್ನುತ್ತಾರೆ, ಏಕೆಂದರೆ ಹಿಡಿದಿದ್ದರೆ ತಾನೇ ಬಿಡುವುದು.

ಈ ಚೌಕಟ್ಟಿಗೆ ಮಿತಿಗಳಿವೆ, ಅವನ್ನು ತಿಳಿಯದೆ ಬಳಸಿದರೆ ಹಾನಿಯಾಗುತ್ತದೆ. ಮಾರ್ಸಿಯಾ ಅವರ ಆರಂಭದ ಅಧ್ಯಯನದಲ್ಲಿದ್ದವರು ಅಮೆರಿಕದ ಕಾಲೇಜು ಹುಡುಗರು ಮಾತ್ರ. ಮನೆಯವರ ನಿರ್ಧಾರವನ್ನು ಒಪ್ಪಿಕೊಳ್ಳುವುದು ಗೌರವದ ನಡೆಯೆಂದು ಕಲಿತ ನಮ್ಮ ಮಕ್ಕಳಲ್ಲಿ ಪೂರ್ವನಿರ್ಧಾರಿತ ಸ್ಥಿತಿಯನ್ನು ದೋಷವೆಂದು ಕಾಣುವುದು ತಪ್ಪು. ಅನೇಕರು ಆ ಸ್ಥಿತಿಯಲ್ಲಿಯೇ ನೆಮ್ಮದಿಯಿಂದ ಓದಿ, ಅದೇ ವೃತ್ತಿಯಲ್ಲಿ ತೃಪ್ತಿಯಿಂದ ಬಾಳುತ್ತಾರೆ. ತೊಂದರೆ ಕಾಣಿಸಿಕೊಳ್ಳುವುದು ಆ ಒಂದೇ ದಾರಿ ಮುಚ್ಚಿದಾಗ. ಜೊತೆಗೆ ಈ ನಾಲ್ಕು ಸ್ಥಿತಿಗಳು ಏಣಿಯ ಮೆಟ್ಟಿಲುಗಳೂ ಅಲ್ಲ. ನೆಲೆಗೊಂಡವರು ಮತ್ತೆ ಹುಡುಕಾಟಕ್ಕೆ ಇಳಿಯುತ್ತಾರೆ, ಕೆಲವರು ವೃತ್ತಿಯ ವಿಷಯದಲ್ಲಿ ನೆಲೆಗೊಂಡಿದ್ದು ನಂಬಿಕೆಗಳ ವಿಷಯದಲ್ಲಿ ಚದುರಿದಂತಿರುತ್ತಾರೆ. ನಂತರದ ದಶಕಗಳ ಸಂಶೋಧನೆ ತೋರಿಸಿರುವಂತೆ 18ರ ವಯಸ್ಸಿಗೆ ನೆಲೆಗೊಂಡ ಸ್ಥಿತಿಗೆ ಬಂದವರು ಅಲ್ಪಸಂಖ್ಯಾತರೇ. ಹೀಗಿರುವಾಗ ಹತ್ತನೇ ತರಗತಿಯ ವಿದ್ಯಾರ್ಥಿಗೆ ಸ್ಪಷ್ಟ ಗುರಿ ಇಲ್ಲವೆಂದು ಗದರಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಒಂದು ಪ್ರಕರಣ

ಇದು ಶಾಲೆಯ ಕೆಲಸದಲ್ಲಿ ಹೇಗೆ ಇಳಿಯುತ್ತದೆಂದು ನೋಡಲು ಒಂದು ಕಲ್ಪಿತ ಪ್ರಕರಣವನ್ನು ತೆಗೆದುಕೊಳ್ಳೋಣ. ತಿಪಟೂರು ಕಡೆಯ ತೆಂಗು ಬೆಳೆಗಾರರ ಮನೆಯ ಹುಡುಗಿ, ಹತ್ತನೇ ತರಗತಿ, ಒಂಬತ್ತರವರೆಗೂ ತರಗತಿಗೆ ಮೊದಲಿಗಳು. ಚಿಕ್ಕಪ್ಪ ವೈದ್ಯರು, ಇವಳೂ ಡಾಕ್ಟರಾಗಬೇಕೆಂಬುದು ಅಪ್ಪನ ಮಾತು, ಅವಳದೂ ಅದೇ ಮಾತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ ಮತ್ತು ವಿಜ್ಞಾನದ ಅಂಕಗಳು ಎಪ್ಪತ್ತರ ಆಸುಪಾಸಿಗೆ ಇಳಿಯುತ್ತವೆ. ಅವಳು ಗೆಳತಿಯರ ಜೊತೆ ಊಟಕ್ಕೆ ಕೂರುವುದನ್ನು ಬಿಡುತ್ತಾಳೆ, ಮನೆಯಲ್ಲಿ ತಮ್ಮನ ಮೇಲೆ ರೇಗುತ್ತಾಳೆ. ತರಗತಿ ಶಿಕ್ಷಕಿ ಇದನ್ನು ಪರೀಕ್ಷಾ ಭಯವೆಂದು ಬಗೆದು, ಮಾರ್ಗದರ್ಶನದ ಹೊಣೆ ಹೊತ್ತ ಮೇಡಂ ಬಳಿಗೆ ಕಳುಹಿಸುತ್ತಾರೆ.

ಆ ಮೇಡಂ ಮೊದಲು ಮಾಡಬೇಕಾದದ್ದು ಇದಕ್ಕೆ ಬೇರೆ ಕಾರಣಗಳಿವೆಯೇ ಎಂದು ನೋಡುವುದು. ನಿದ್ದೆ, ಊಟ ಹೇಗಿದೆ, ಇಷ್ಟಪಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಉಳಿದಿದೆಯೇ, ಮನೆಯಲ್ಲಿಯೋ ಶಾಲೆಯಲ್ಲಿಯೋ ಯಾರಾದರೂ ಹಿಂಸಿಸುತ್ತಿದ್ದಾರೆಯೇ, ಬದುಕೇ ಬೇಡವೆನಿಸುವ ಯೋಚನೆ ಬಂದಿದೆಯೇ ಎಂದು ನೇರವಾಗಿ, ಆದರೆ ಮೆಲುದನಿಯಲ್ಲಿ ಕೇಳಬೇಕು. ಈ ಕೊನೆಯ ಪ್ರಶ್ನೆ ಕೇಳುವುದರಿಂದ ಅಂಥ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ. ಇಲ್ಲಿ ಅಂಥದ್ದೇನೂ ಕಾಣುವುದಿಲ್ಲ ಎಂದಿಟ್ಟುಕೊಳ್ಳೋಣ. ಆಮೇಲೆ ಮಾತು ಮುಂದಿನ ಓದಿನ ಕಡೆಗೆ ತಿರುಗುತ್ತದೆ.

“ಡಾಕ್ಟರಾಗಬೇಕು ಅಂತ ನಿನಗೆ ಮೊದಲು ಅನ್ನಿಸಿದ್ದು ಯಾವಾಗ?” ಎಂದು ಕೇಳಿದರೆ, “ಚಿಕ್ಕವಳಿಂದಲೂ ಹಾಗೇ ಮಿಸ್, ಮನೇಲಿ ಎಲ್ಲರೂ ಹೇಳ್ತಾರೆ” ಎನ್ನುತ್ತಾಳೆ. “ಬೇರೆ ಏನಾದರೂ ಓದಬೇಕು ಅನ್ನಿಸಿತ್ತಾ?” ಎಂದರೆ ಇಲ್ಲವೆಂದು ತಲೆಯಾಡಿಸುತ್ತಾಳೆ. ಡಾಕ್ಟರ ದಿನದ ಕೆಲಸ ಹೇಗಿರುತ್ತದೆಂದು ವಿವರಿಸಲು ಹೇಳಿದರೆ, ಚಿಕ್ಕಪ್ಪನ ಕ್ಲಿನಿಕ್ಕಿನ ಹೊರಗಿನ ಸಾಲನ್ನು ಬಿಟ್ಟು ಬೇರೇನೂ ಹೇಳಲು ಅವಳಿಗೆ ತೋಚುವುದಿಲ್ಲ. ಬಿಡಲು ಸಿದ್ಧವಿದ್ದೀಯಾ ಎಂಬ ಪ್ರಶ್ನೆಗೆ ಮಾತ್ರ ಕಣ್ಣು ತುಂಬಿಕೊಂಡು, “ಅದು ಆಗಲ್ಲ ಅಂದ್ರೆ ನಾನು ಏನೂ ಅಲ್ಲ ಮಿಸ್” ಎನ್ನುತ್ತಾಳೆ.

ಈ ಕೊನೆಯ ವಾಕ್ಯದಲ್ಲಿ ಇಡೀ ಚಿತ್ರವಿದೆ. ಹುಡುಕಾಟ ನಡೆದಿಲ್ಲ, ಬದ್ಧತೆ ಗಟ್ಟಿಯಾಗಿದೆ, ಮತ್ತು ಆ ಬದ್ಧತೆಯೇ ಅವಳ ಇಡೀ ಅಸ್ಮಿತೆಯ ಭಾರವನ್ನು ಹೊತ್ತಿದೆ. ಅಂಕ ಇಳಿದದ್ದು ಅವಳಿಗೆ ಎರಡು ವಿಷಯಗಳ ಸೋಲಲ್ಲ, ತಾನೆಂಬುದೇ ಕುಸಿದ ಅನುಭವ. ಇಲ್ಲಿ ಸಾಮಾನ್ಯವಾಗಿ ನಡೆಯುವ ಎರಡು ತಪ್ಪುಗಳಿವೆ. ಒಂದು, ಚೆನ್ನಾಗಿ ಓದು, ಸೀಟು ಸಿಕ್ಕೇ ಸಿಗುತ್ತದೆ ಎಂದು ಧೈರ್ಯ ತುಂಬಿ ಕಳುಹಿಸುವುದು. ಇದರಿಂದ ಭಾರ ಇನ್ನಷ್ಟು ಹೆಚ್ಚುತ್ತದೆ. ಇನ್ನೊಂದು, ನಿನ್ನ ಆಸೆ ನಿನ್ನದಲ್ಲ, ಅಪ್ಪನದು ಎಂದು ಬಿಡಿಸಿ ಹೇಳುವುದು. ಇದು ನಿಜವಿರಬಹುದಾದರೂ, ಕೈಯಲ್ಲಿರುವ ಒಂದೇ ಆಸರೆಯನ್ನು ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಕಿತ್ತುಕೊಂಡಂತಾಗುತ್ತದೆ. ಇವೆರಡರಲ್ಲಿ ಎರಡನೆಯದನ್ನೇ ನಾನು ಹೆಚ್ಚು ಅಪಾಯಕಾರಿಯೆಂದು ಭಾವಿಸುತ್ತೇನೆ, ಏಕೆಂದರೆ ಅದು ತಿಳಿವಳಿಕೆಯ ವೇಷದಲ್ಲಿ ಬರುತ್ತದೆ.

ಮಾಡಬೇಕಾದದ್ದು ಬದ್ಧತೆಯನ್ನು ಮುಟ್ಟದೆ ಅದರ ಸುತ್ತಲಿನ ಜಾಗವನ್ನು ಅಗಲಿಸುವುದು. ಮೇಡಂ ಅವಳಿಗೆ ಎರಡು ಸಣ್ಣ ಕೆಲಸ ಕೊಡುತ್ತಾರೆ. ಚಿಕ್ಕಪ್ಪನ ಕ್ಲಿನಿಕ್ಕಿನಲ್ಲಿ ಅರ್ಧ ದಿನ ಕುಳಿತು ಅಲ್ಲಿ ಡಾಕ್ಟರಲ್ಲದೆ ಇನ್ನು ಯಾರು ಯಾರು ಏನೇನು ಮಾಡುತ್ತಾರೆಂದು ಬರೆದು ತರುವುದು ಒಂದು. ವಿಜ್ಞಾನದ ಪಾಠದಲ್ಲಿ ಪರೀಕ್ಷೆಗಲ್ಲದೆ ತನಗಾಗಿಯೇ ಕುತೂಹಲ ಹುಟ್ಟಿದ ಸಂದರ್ಭಗಳನ್ನು ನೆನಪಿಸಿಕೊಳ್ಳುವುದು ಇನ್ನೊಂದು. ಎರಡನೆಯ ಭೇಟಿಯಲ್ಲಿ ಅವಳು ತಮ್ಮ ತೋಟದಲ್ಲಿ ಅಣಬೆ ರೋಗ ತಗುಲಿ ಕಾಂಡದಿಂದ ಅಂಟು ಸುರಿಸಿ ಒಣಗಿದ ತೆಂಗಿನ ಮರಗಳ ಬಗ್ಗೆ ಮಾತಾಡುತ್ತಾಳೆ, ಪಕ್ಕದ ಮರಕ್ಕೆ ಅದು ಮಣ್ಣಿನ ಮೂಲಕ ಹೇಗೆ ದಾಟಿತೆಂದು ತಾನು ಯೋಚಿಸಿದ್ದನ್ನು ಹೇಳುತ್ತಾಳೆ. ಅದೂ ಒಂದು ಓದು ಎಂದು ಅವಳಿಗೆ ತಿಳಿದಿರಲಿಲ್ಲ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿಬರುವುದು, ಬಿ.ಎಸ್ಸಿ. ಕೃಷಿ ಪದವಿಗೆ ರೈತರ ಮಕ್ಕಳಿಗಿರುವ ಕೃಷಿಕ ಕೋಟಾ ಹಾಗೂ ಅದರ ಪ್ರಾಯೋಗಿಕ ಪರೀಕ್ಷೆಯ ವಿಚಾರ ತಿಳಿಯುವುದು, ನರ್ಸಿಂಗ್ ಪದವಿಗೂ ಜೀವಶಾಸ್ತ್ರವೇ ಬೇಕೆಂದು ಅರಿಯುವುದು ಇವೆಲ್ಲ ಮುಂದಿನ ವಾರಗಳಲ್ಲಿ ನಡೆಯುತ್ತವೆ.

ತಂದೆಯನ್ನು ಕರೆಸುವುದು ಇದಾದ ಮೇಲೆ, ಮತ್ತು ಅವಳಿಗೆ ತಿಳಿಸಿಯೇ. ಅವರ ಮುಂದೆ ಮಗಳ ಆಯ್ಕೆಯನ್ನು ಅವರ ಆಯ್ಕೆಗೆ ಎದುರಾಗಿ ನಿಲ್ಲಿಸಬಾರದು. ಪಿಸಿಎಂಬಿ ತೆಗೆದುಕೊಂಡರೆ ನೀಟ್ ಬರೆಯುವ ದಾರಿಯೂ ಇರುತ್ತದೆ, ಕೃಷಿ, ಪಶುವೈದ್ಯಕೀಯ, ನರ್ಸಿಂಗ್ ದಾರಿಗಳೂ ಇರುತ್ತವೆ ಎಂದು ಒಂದೇ ಹಾಳೆಯಲ್ಲಿ ಬರೆದು ತೋರಿಸಿದರೆ, ನೋಡೋಣ ಎನ್ನುವಷ್ಟರ ಮಟ್ಟಿಗೆ ಅವರು ಮೆತ್ತಗಾಗಬಹುದು. ಪೂರ್ತಿ ಒಪ್ಪಬೇಕೆಂದು ಆಗಲೇ ನಿರೀಕ್ಷಿಸುವುದು ಸರಿಯಲ್ಲ.

ಜೂನ್ ತಿಂಗಳಲ್ಲಿ ಅವಳು ಸೇರುವುದು ಪಿಸಿಎಂಬಿಗೇ. ದಾಖಲೆ ಪುಸ್ತಕದಲ್ಲಿ ನೋಡಿದರೆ ಏನೂ ಬದಲಾಗಿಲ್ಲ. ಆದರೆ ಒಂದೇ ದಾರಿಯ ಮೇಲೆ ನಿಂತಿದ್ದವಳು ಈಗ ಹುಡುಕಾಟದ ಸ್ಥಿತಿಗೆ ಬಂದಿದ್ದಾಳೆ, ಮುಂದೆ ನೀಟ್ ಅಂಕ ಕಡಿಮೆ ಬಂದರೆ ಅದು ಅವಳಿಗೆ ನೋವು ತರುತ್ತದೆಯೇ ಹೊರತು ಅವಳನ್ನು ಅಳಿಸಿಹಾಕುವುದಿಲ್ಲ. ಮಾರ್ಗದರ್ಶನದ ಫಲವನ್ನು ಯಾರು ಯಾವ ವಿಭಾಗಕ್ಕೆ ಸೇರಿದರೆಂಬ ಪಟ್ಟಿಯಿಂದ ಅಳೆಯಲಾಗದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಶಾಲೆಯೇ ಕೊಡುವ ಅಸ್ಮಿತೆ

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸ್ಥಿತಿಯನ್ನೂ ಎರಿಕ್ಸನ್ ಗುರುತಿಸಿದ್ದರು, ಅದರಲ್ಲಿ ಶಾಲೆಯ ಪಾಲು ನೇರವಾದದ್ದು. ಒಳ್ಳೆಯವನೆನಿಸಿಕೊಳ್ಳುವ ದಾರಿಗಳೆಲ್ಲ ಮುಚ್ಚಿವೆ ಎನಿಸಿದ ಹುಡುಗ, ಏನೂ ಅಲ್ಲದವನಾಗಿ ಉಳಿಯುವುದಕ್ಕಿಂತ ಕೆಟ್ಟವನೆಂಬ ಸ್ಪಷ್ಟ ಗುರುತನ್ನೇ ಆರಿಸಿಕೊಳ್ಳುತ್ತಾನೆ. ಇದನ್ನು ಅವರು ನಕಾರಾತ್ಮಕ ಅಸ್ಮಿತೆ ಎಂದರು. ಅದಕ್ಕೂ ಹಿಂದಿನ ಹಂತದಲ್ಲಿ, ಎಂದರೆ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ, ಕೆಲಸ ಮಾಡಿ ಮುಗಿಸಬಲ್ಲೆನೆಂಬ ವಿಶ್ವಾಸದ ಬದಲು ಕೀಳರಿಮೆ ಬೇರೂರಿದ್ದರೆ ಈ ತಿರುವು ಇನ್ನೂ ಸುಲಭ. ಅರ್ಧವಾರ್ಷಿಕ ಪರೀಕ್ಷೆಯ ನಂತರ ಹಿಂದುಳಿದವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಆ ಗುಂಪಿಗೊಂದು ಹೆಸರಿಟ್ಟು ಕರೆಯುವ ಪದ್ಧತಿ ಹಲವೆಡೆ ಇದೆ. ಹೆಚ್ಚುವರಿ ಪಾಠದ ಉದ್ದೇಶ ಒಳ್ಳೆಯದೇ. ಆದರೆ ಆ ಹೆಸರು ಒಂದು ತಿಂಗಳಲ್ಲಿ ಹುಡುಗರ ಬಾಯಲ್ಲಿ ಹೆಮ್ಮೆಯ ಬಿರುದಾಗಿ ಕೇಳಿಬಂದರೆ, ಅಲ್ಲಿ ನಕಾರಾತ್ಮಕ ಅಸ್ಮಿತೆ ರೂಪುಗೊಳ್ಳುತ್ತಿದೆ ಎಂದೇ ತಿಳಿಯಬೇಕು. ಶಿಕ್ಷೆಯಿಂದ ಅದು ಇನ್ನೂ ಗಟ್ಟಿಯಾಗುತ್ತದೆ, ಏಕೆಂದರೆ ಪ್ರತಿ ಶಿಕ್ಷೆಯೂ ಅವನ ಗುರುತಿಗೆ ಶಾಲೆ ಒತ್ತಿದ ಮುದ್ರೆಯಾಗುತ್ತದೆ. ಅವನು ನಿಜವಾಗಿ ಚೆನ್ನಾಗಿ ಮಾಡಬಲ್ಲ ಒಂದು ಕೆಲಸವನ್ನು ಹುಡುಕಿ, ಅದರ ಹೊಣೆಯನ್ನು ಇತರರ ಎದುರಿಗೇ ಅವನಿಗೆ ವಹಿಸಿ, ತಿಂಗಳುಗಟ್ಟಲೆ ಹಿಂತೆಗೆದುಕೊಳ್ಳದೆ ಇರುವುದು ನಿಧಾನವಾದರೂ ಕೆಲಸ ಮಾಡುವ ಉಪಾಯ.

ಹುಡುಕಾಟವೂ ಹದಗೆಡಬಹುದು

ಹುಡುಕಾಟದ ಸ್ಥಿತಿಯಲ್ಲಿ ಆತಂಕ ಸಹಜ. ಆದರೆ ಎಲ್ಲ ಹುಡುಕಾಟವೂ ಮುಂದೆ ಸಾಗುವುದಿಲ್ಲ. ಬೆಲ್ಜಿಯಂನ ಕೋನ್ ಲಾಯ್ಕ್ಸ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದಂತೆ, ಅದದೇ ಪ್ರಶ್ನೆಗಳ ಸುತ್ತ ಮನಸ್ಸು ತಿರುಗುತ್ತ, ಯಾವ ನಿರ್ಧಾರಕ್ಕೂ ಬಾರದೆ ಕೊರಗುವ ಒಂದು ಬಗೆಯಿದೆ, ಅದರೊಂದಿಗೆ ಖಿನ್ನತೆ ಮತ್ತು ಆತಂಕದ ಲಕ್ಷಣಗಳು ಹೆಚ್ಚಾಗಿ ಕಾಣಿಸುತ್ತವೆ. ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವೇನಲ್ಲ. ಎರಡು ವಾರಗಳ ಅಂತರದ ಎರಡು ಭೇಟಿಗಳಲ್ಲಿ ವಿದ್ಯಾರ್ಥಿ ಹೊಸದೇನಾದರೂ ತಿಳಿದು ಬಂದಿದ್ದಾನೆಯೇ, ಪ್ರಶ್ನೆ ಸ್ವಲ್ಪವಾದರೂ ಬದಲಾಗಿದೆಯೇ ಎಂದು ನೋಡಬೇಕು. ಅದೇ ಮಾತುಗಳು ಅದೇ ಕ್ರಮದಲ್ಲಿ, ಇನ್ನಷ್ಟು ದಣಿದ ದನಿಯಲ್ಲಿ ಬಂದರೆ ಅವನಿಗೆ ಇನ್ನಷ್ಟು ಆಯ್ಕೆಗಳನ್ನು ತೋರಿಸಬಾರದು, ಆಯ್ಕೆಗಳನ್ನು ಎರಡಕ್ಕೆ ಇಳಿಸಿ, ಒಂದನ್ನು ಮಾಡಿ ನೋಡಲು ಕಳುಹಿಸಬೇಕು. ನಿದ್ದೆ ಕೆಟ್ಟು, ಊಟ ತಪ್ಪಿ, ಎರಡು ವಾರಕ್ಕೂ ಮೀರಿ ಮಂಕು ಕವಿದಿದ್ದರೆ ವಿಷಯ ಅಸ್ಮಿತೆಯ ಚೌಕಟ್ಟನ್ನು ದಾಟಿದೆ. ಆಗ ಪೋಷಕರಿಗೆ ತಿಳಿಸಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರ ಬಳಿಗೆ ಕಳುಹಿಸಬೇಕು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೂ ಮಾತಾಡಬಹುದು. ಜೀವಕ್ಕೆ ಅಪಾಯದ ಸೂಚನೆಯಿದ್ದರೆ ಆ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡದೆ ಅಂದೇ ಈ ಕೆಲಸ ಆಗಬೇಕು, ಮತ್ತು ಯಾರಿಗೂ ಹೇಳುವುದಿಲ್ಲವೆಂಬ ಮಾತನ್ನು ಮೊದಲೇ ಕೊಟ್ಟಿರಬಾರದು.

ನಾಲ್ಕು ಸ್ಥಿತಿಗಳ ಹೆಸರನ್ನು ವಿದ್ಯಾರ್ಥಿಯ ಪ್ರಗತಿ ಪತ್ರದಲ್ಲಿ ಬರೆಯುವುದು ಬೇಡ. ಬರೆದ ಕ್ಷಣವೇ ಅವು ಅಂಟಿಕೊಳ್ಳುವ ಹಣೆಪಟ್ಟಿಗಳಾಗುತ್ತವೆ. ಮೇಡಂ ತಮ್ಮ ಟಿಪ್ಪಣಿಯಲ್ಲಿ ಬರೆದಿಡಬೇಕಾದದ್ದು ವಿದ್ಯಾರ್ಥಿ ಏನನ್ನು ನೋಡಿ ಬಂದಳು, ಯಾವ ಪ್ರಶ್ನೆ ಇನ್ನೂ ಉಳಿದಿದೆ, ಮನೆಯವರೊಂದಿಗೆ ಏನು ಮಾತಾಯಿತು ಎಂಬಷ್ಟನ್ನು ಮಾತ್ರ. ಪ್ರೌಢಶಾಲೆಯೂ ಪಿಯು ಕಾಲೇಜೂ ಬೇರೆ ಬೇರೆ ಆಗಿರುವಲ್ಲಿ ಈ ಟಿಪ್ಪಣಿ ಹತ್ತನೇ ತರಗತಿಗೇ ನಿಂತುಹೋಗುತ್ತದೆ. ಹೊಸ ಕಾಲೇಜು, ಕೆಲವರಿಗೆ ಹಾಸ್ಟೆಲ್, ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಾಠ ಇವೆಲ್ಲ ಒಟ್ಟಿಗೆ ಎದುರಾಗಿ, ಜೂನ್‌ನಲ್ಲಿ ಮಾಡಿದ ಆಯ್ಕೆ ಮತ್ತೆ ಪ್ರಶ್ನೆಯಾಗುವುದು ಮೊದಲ ಪಿಯುಸಿಯ ಮೊದಲ ಕಿರುಪರೀಕ್ಷೆಯ ಹೊತ್ತಿಗೆ. ವಿದ್ಯಾರ್ಥಿಯ ಮತ್ತು ಪೋಷಕರ ಒಪ್ಪಿಗೆ ಪಡೆದು ಆ ಟಿಪ್ಪಣಿಯ ಒಂದು ಪುಟವನ್ನು ಕಾಲೇಜಿನ ಉಪನ್ಯಾಸಕರೊಬ್ಬರಿಗೆ ತಲುಪಿಸುವುದನ್ನು, ಮತ್ತು ಆಗಸ್ಟ್ ತಿಂಗಳಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಒಂದು ಶನಿವಾರ ಮಧ್ಯಾಹ್ನ ಶಾಲೆಗೆ ಕರೆದು ಮಾತಾಡಿಸುವುದನ್ನು ಪ್ರೌಢಶಾಲೆಯ ಮಾರ್ಗದರ್ಶನದ ಭಾಗವೆಂದೇ ಪರಿಗಣಿಸಬೇಕು.